ಅಗ್ರಿಮೆಂಟ್ ಶೀಟ್: ಎಕ್ಸ್‌ಪೈರಿಗಿಂತ ಮೊದಲು ಬರುವ ತಾರೀಖನ್ನು ಹಿಡಿಯುವುದು ಹೇಗೆ?

ಕಚೇರಿಯ ಅಗ್ರಿಮೆಂಟ್‌ಗಳನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಇಳಿಸುವ ಕೆಲಸ ಬಂದಾಗ ಹೆಚ್ಚಿನವರು ನಾಲ್ಕು ಕಾಲಂ ಎಳೆಯುತ್ತಾರೆ: ಪಕ್ಷಗಾರರು, ಜಾರಿ ದಿನಾಂಕ, ಮುಕ್ತಾಯ ದಿನಾಂಕ, ರಿನ್ಯೂವಲ್ ಇದೆಯೇ ಇಲ್ಲವೇ. ತುಂಬಿಸಿದ ಮೇಲೆ ಶೀಟು ಚೆನ್ನಾಗಿಯೇ ಕಾಣುತ್ತದೆ. ಆದರೆ ತಾನಾಗಿಯೇ ಮುಂದುವರಿಯುವ ಅಗ್ರಿಮೆಂಟ್‌ನಲ್ಲಿ ಮುಕ್ತಾಯದ ದಿನ ಎಚ್ಚೆತ್ತರೆ ಪ್ರಯೋಜನವಿಲ್ಲ. ‘ಮುಂದುವರಿಸುವುದಿಲ್ಲ’ ಎಂದು ನೋಟಿಸ್ ಕೊಡಲು ಇದ್ದ ಗಡುವು ಅಷ್ಟರಲ್ಲಿ ಎರಡು ಮೂರು ತಿಂಗಳ ಹಿಂದೆಯೇ ಮುಗಿದಿರುತ್ತದೆ. ಶೀಟಿನಿಂದ ನಮಗೆ ಬೇಕಾದದ್ದು ಆ ಗಡುವು.

ಒಂದು ಕಲ್ಪಿತ ಅಗ್ರಿಮೆಂಟ್ ಇಟ್ಟುಕೊಂಡು ನೋಡೋಣ. ಪ್ರಿಂಟರ್‌ಗಳ ನಿರ್ವಹಣೆಗೆ ಮಾಡಿಕೊಂಡದ್ದು. ಒಬ್ಬರು 2021ರ ಜೂನ್ 14ರಂದು, ಇನ್ನೊಬ್ಬರು ಜೂನ್ 22ರಂದು ಸಹಿ ಹಾಕಿದ್ದಾರೆ. ಒಳಗೆ ‘ಜಾರಿ ದಿನಾಂಕ 2021ರ ಜುಲೈ 1’ ಎಂದಿದೆ. ಮೊದಲ ಅವಧಿ ಆ ದಿನದಿಂದ 36 ತಿಂಗಳು. ಅದು ಮುಗಿಯುವ 60 ದಿನ ಮೊದಲು ಯಾರೂ ನೋಟಿಸ್ ಕೊಡದಿದ್ದರೆ 12 ತಿಂಗಳು ಮುಂದುವರಿಯುತ್ತದೆ, ಆ ಮೇಲೂ ಪ್ರತಿ ಸಲ ಹೀಗೆಯೇ.

ಪಕ್ಷಗಾರರು

ಹೆಸರನ್ನು ಮೊದಲ ಪ್ಯಾರಾದಿಂದ ಅಕ್ಷರಶಃ ತೆಗೆದುಕೊಳ್ಳಿ. ಲೆಟರ್‌ಹೆಡ್, ಲೋಗೋ ಅಥವಾ ಫೈಲಿನ ಹೆಸರಿನಿಂದ ಬೇಡ. ಮಾರುಕಟ್ಟೆಯಲ್ಲಿ ಒಂದೇ ಹೆಸರಿನಲ್ಲಿ ಓಡಾಡುವ ಸಂಸ್ಥೆಗೆ ನಾಲ್ಕೈದು ನೋಂದಾಯಿತ ಕಂಪನಿಗಳಿರಬಹುದು. ಬರೆದುಕೊಂಡ ಹೆಸರನ್ನು ಕೊನೆಯ ಪುಟದ ಸಹಿಯ ಜಾಗದಲ್ಲಿರುವ ಹೆಸರಿನೊಂದಿಗೆ ತಾಳೆ ನೋಡಿ. ಎರಡೂ ಬೇರೆಯಾಗಿದ್ದರೆ ನೀವೇ ತೀರ್ಮಾನಿಸಲು ಹೋಗಬೇಡಿ. ಎರಡನ್ನೂ ಬರೆದು, ಕಾನೂನು ವಿಭಾಗಕ್ಕೆ ಕಳಿಸಬೇಕಾದ ಸಾಲು ಎಂದು ಗುರುತು ಹಾಕಿ.

ಜಾರಿ ದಿನಾಂಕ

ನಮ್ಮ ಉದಾಹರಣೆಯಲ್ಲೇ ಮೂರು ತಾರೀಖುಗಳಿವೆ, ಬೇಕಾದದ್ದು ಜುಲೈ 1 ಮಾತ್ರ. ಎಲ್ಲ ಅಗ್ರಿಮೆಂಟ್‌ಗಳಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. ‘ಕೊನೆಯ ಸಹಿ ಬಿದ್ದ ದಿನದಿಂದ ಜಾರಿ’ ಎಂದಿದ್ದರೆ ಸಹಿಯ ಪುಟಕ್ಕೆ ಹೋಗಬೇಕು. ಅವಧಿಯನ್ನು ಜಾರಿ ದಿನಾಂಕದಿಂದಲ್ಲ, ಸೇವೆ ಶುರುವಾದ ದಿನದಿಂದ ಎಣಿಸಬೇಕು ಎಂದಿದ್ದರೆ ಆ ತಾರೀಖು ಹಿಂದಿನ ಅನುಬಂಧದಲ್ಲೆಲ್ಲೋ ಇರುತ್ತದೆ. ಆದ್ದರಿಂದ ಅವಧಿಯ ಕಲಮಿನಲ್ಲಿ ‘ಯಾವ ದಿನದಿಂದ’ ಎಂಬುದನ್ನು ಓದಿದ ಮೇಲೆಯೇ ತಾರೀಖು ತುಂಬಿ.

ತಾರೀಖು 01/07/2021 ಎಂದಿದ್ದರೆ ಅದು ಜುಲೈ 1 ಇರಬಹುದು, ಜನವರಿ 7 ಕೂಡ ಇರಬಹುದು. ಅದೇ ಕಾಗದದಲ್ಲಿ 12ಕ್ಕಿಂತ ದೊಡ್ಡ ಅಂಕಿ ಇರುವ ಇನ್ನೊಂದು ತಾರೀಖು ಹುಡುಕಿದರೆ ದಿನ ಮೊದಲೋ ತಿಂಗಳು ಮೊದಲೋ ಗೊತ್ತಾಗುತ್ತದೆ. ಶೀಟಿನಲ್ಲಿ 2021-07-01 ಎಂದೇ ಬರೆದರೆ ಮುಂದೆ ಯಾರಿಗೂ ಗೊಂದಲವಿಲ್ಲ.

ಮುಕ್ತಾಯ ಮತ್ತು ರಿನ್ಯೂವಲ್

ಹೆಚ್ಚು ಹೊತ್ತು ಬೇಡುವುದು ಈ ಭಾಗ. ಇಂಗ್ಲಿಷ್ ಅಗ್ರಿಮೆಂಟ್‌ನಲ್ಲಿ `renew`, `extend`, `successive` ಎಂದು ಹುಡುಕಿದರೆ ಸಾಮಾನ್ಯವಾಗಿ ಕಲಮು ಸಿಗುತ್ತದೆ. ಏನೂ ಸಿಗದಿದ್ದರೆ ರಿನ್ಯೂವಲ್ ಇಲ್ಲ ಎಂದು ಬರೆಯುವ ಮೊದಲು, ಖಂಡಿತ ಇರುವ ಒಂದು ಪದವನ್ನು ಹುಡುಕಿ ನೋಡಿ. ಅದೂ ಸಿಗದಿದ್ದರೆ ಫೈಲು ಬರೀ ಸ್ಕ್ಯಾನ್ ಮಾಡಿದ ಚಿತ್ರ. ಅದನ್ನು ಒಸಿಆರ್ ಮಾಡಿಸಬೇಕು, ಇಲ್ಲವೇ ಕಣ್ಣಲ್ಲೇ ಓದಬೇಕು.

ಕಲಮು ಸಿಕ್ಕ ಮೇಲೂ ‘ರಿನ್ಯೂ ಮಾಡಬಹುದು’ ಎಂಬ ಮಾತು ಕಂಡ ತಕ್ಷಣ ‘ಹೌದು’ ಎಂದು ಬರೆದುಬಿಡುವುದು ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಇಬ್ಬರೂ ಒಪ್ಪಿದರೆ ಮುಂದುವರಿಸಬಹುದು ಎನ್ನುವ ಅಗ್ರಿಮೆಂಟ್ ಯಾರೂ ಏನೂ ಮಾಡದಿದ್ದರೆ ಮುಗಿದುಹೋಗುತ್ತದೆ. ತಾನಾಗಿ ಮುಂದುವರಿಯುವಂಥದ್ದು ಯಾರೂ ಏನೂ ಮಾಡದಿದ್ದರೆ ಉಳಿದುಕೊಳ್ಳುತ್ತದೆ. ಹಾಗಾಗಿ ಕಾಲಂನಲ್ಲಿ ಹೌದು–ಇಲ್ಲ ಬೇಡ. ‘ತಾನಾಗಿ’, ‘ಒಪ್ಪಿಗೆ ಮೇಲೆ’, ‘ಇಲ್ಲ’ ಎಂದು ಮೂರು ಉತ್ತರಗಳಿರಲಿ. ಮುಕ್ತಾಯವೇ ಇಲ್ಲದೆ, ರದ್ದು ಮಾಡುವವರೆಗೆ ನಡೆಯುವ ಅಗ್ರಿಮೆಂಟ್‌ಗೆ ಸೆಲ್ ಖಾಲಿ ಬಿಡಬೇಡಿ, ‘ಕೊನೆ ದಿನ ಇಲ್ಲ’ ಎಂದು ಬರೆಯಿರಿ. ಖಾಲಿ ಬಿಟ್ಟರೆ ಯಾರೋ ಓದುವುದನ್ನು ಮರೆತಿದ್ದಾರೆ ಎಂಬ ಅರ್ಥ ಬರುತ್ತದೆ.

ನೋಟಿಸ್ ದಿನಗಳನ್ನು ಬರೆಯುವಾಗಲೂ ಜೋಕೆ. ಒಂದೇ ಅಗ್ರಿಮೆಂಟ್‌ನಲ್ಲಿ ಮಧ್ಯದಲ್ಲಿ ರದ್ದು ಮಾಡಲು 30 ದಿನ, ರಿನ್ಯೂವಲ್ ತಡೆಯಲು 60 ದಿನ ಎಂದಿರಬಹುದು. ನಮಗೆ ಬೇಕಾದದ್ದು ಎರಡನೆಯದು.

ಈಗ ಕವರಿನಲ್ಲಿ ಉಳಿದಿರುವ ಕಾಗದ ತೆಗೆಯಿರಿ. ನಮ್ಮ ಉದಾಹರಣೆಯಲ್ಲಿ 2023ರ ನವೆಂಬರ್‌ನ ಒಂದು ಪುಟದ ತಿದ್ದುಪಡಿ ಇದೆ: 60 ದಿನ ಎಂದಿರುವಲ್ಲಿ 90 ದಿನ ಎಂದು ಓದಿಕೊಳ್ಳತಕ್ಕದ್ದು. ಮೂಲ ಅಗ್ರಿಮೆಂಟ್ ಒಂದನ್ನೇ ಓದಿದವರ ಶೀಟಿನಲ್ಲಿ ಗಡುವು ಒಂದು ತಿಂಗಳು ತಡವಾಗಿ ಬೀಳುತ್ತದೆ. ತಿದ್ದುಪಡಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಓದಿ, ಯಾವ ಅಂಕಿ ಯಾವ ಕಾಗದದ ಯಾವ ಕಲಮಿನಿಂದ ಬಂತು ಎಂಬುದಕ್ಕೆ ಒಂದು ಕಾಲಂ ಇಡಿ.

ಲೆಕ್ಕ

ಸಿ ಕಾಲಂನಲ್ಲಿ ಜಾರಿ ದಿನಾಂಕ, ಡಿಯಲ್ಲಿ ಮೊದಲ ಅವಧಿಯ ತಿಂಗಳು (36), ಇಯಲ್ಲಿ ರಿನ್ಯೂವಲ್‌ನ ತಿಂಗಳು (12), ಎಫ್‌ನಲ್ಲಿ ಈವರೆಗೆ ಎಷ್ಟು ಸಲ ರಿನ್ಯೂ ಆಗಿದೆ ಎಂಬುದು (2), ಎಚ್‌ನಲ್ಲಿ ನೋಟಿಸ್ ದಿನಗಳು (90) ಇರಲಿ. ಜಿ ಕಾಲಂಗೆ ಈಗಿನ ಮುಕ್ತಾಯ, ಐ ಕಾಲಂಗೆ ನೋಟಿಸಿನ ಕೊನೆಯ ದಿನ:

```
G2: =EDATE(C2,D2+E2*F2)-1
I2: =G2-H2
```

ಎರಡೂ ಸೆಲ್‌ಗಳಿಗೆ ತಾರೀಖಿನ ಫಾರ್ಮ್ಯಾಟ್ ಕೊಟ್ಟರೆ ಜಿಯಲ್ಲಿ 2026-06-30, ಐಯಲ್ಲಿ 2026-04-01 ಬರುತ್ತದೆ. 60 ದಿನವೆಂದೇ ಬಿಟ್ಟಿದ್ದರೆ ಮೇ 1 ಬರುತ್ತಿತ್ತು. ನೋಟಿಸ್ ‘90 ದಿನ’ದ ಬದಲು ‘3 ತಿಂಗಳು’ ಎಂದಿದ್ದರೆ `=EDATE(G2,-3)` ಹಾಕಿ, ಮಾರ್ಚ್ 30 ಸಿಗುತ್ತದೆ. ಎರಡು ದಿನದ ಈ ವ್ಯತ್ಯಾಸ ಗಡುವಿನ ಹೊತ್ತಿಗೆ ಸಣ್ಣದಲ್ಲ.

ಸೂತ್ರ ಪ್ರತಿ ಸಲವೂ ಜಾರಿ ದಿನಾಂಕದಿಂದಲೇ ಎಣಿಸುತ್ತದೆ ಎಂಬುದನ್ನು ಗಮನಿಸಿ. ಹಳೆಯ ಮುಕ್ತಾಯಕ್ಕೆ ತಿಂಗಳು ಸೇರಿಸುತ್ತ ಹೋದರೆ ಜೂನ್ 30ಕ್ಕೆ ಆರು ತಿಂಗಳು ಕೂಡಿದಾಗ ಡಿಸೆಂಬರ್ 30 ಬಂದು ಒಂದು ದಿನ ಕಳೆದುಹೋಗುತ್ತದೆ. ಸೂತ್ರ `#VALUE!` ಎಂದರೆ ಸಾಮಾನ್ಯವಾಗಿ ಯಾವುದೋ ತಾರೀಖು ಅಕ್ಷರವಾಗಿ ಟೈಪಾಗಿರುತ್ತದೆ. ಸೆಲ್ ಜೋಡಣೆ ಬದಲಿಸದಿದ್ದರೆ ನಿಜವಾದ ತಾರೀಖು ಬಲಕ್ಕೆ, ಅಕ್ಷರ ಎಡಕ್ಕೆ ಅಂಟಿರುವುದು ಕಣ್ಣಿಗೇ ಕಾಣುತ್ತದೆ.

ಗಡುವಿನ ದಿನ ನೋಟಿಸ್ ಕಳಿಸಿದರೆ ಸಾಲದು, ಎದುರಿನವರ ಕೈಸೇರಿರಬೇಕು ಎಂದು ಬಹಳಷ್ಟು ಅಗ್ರಿಮೆಂಟ್‌ಗಳು ಹೇಳುತ್ತವೆ. ಇಮೇಲ್ ನಡೆಯುತ್ತದೆಯೋ, ಕೊರಿಯರ್‌ನಲ್ಲೇ ಕಳಿಸಬೇಕೋ ಎಂಬುದು ನೋಟಿಸಿನ ಕಲಮಿನಲ್ಲಿರುತ್ತದೆ. ಅದನ್ನೂ ಒಂದು ಸೆಲ್‌ನಲ್ಲಿ ಬರೆದು, ಜ್ಞಾಪನೆಯನ್ನು ಗಡುವಿಗಿಂತ ಕನಿಷ್ಠ 30 ದಿನ ಮುಂಚೆಗೆ ಇಡಿ.

ಎಲ್ಲ ಮುಗಿದ ಮೇಲೆ ಐ ಕಾಲಂ ಪ್ರಕಾರ ಸಾರ್ಟ್ ಮಾಡಿದರೆ ತಾರೀಖು ದಾಟಿಹೋದ ಸಾಲುಗಳು ಮೇಲೆ ಬರುತ್ತವೆ. ಅವಕ್ಕೆಲ್ಲ ಎಫ್‌ನಲ್ಲಿ ಒಂದು ಕೂಡಿ ಮುಂದೆ ಹೋಗಲು ಕೈ ತುರಿಸುತ್ತದೆ. ಅದಕ್ಕೆ ಮುಂಚೆ ಆ ಕೆಲಸ ನೋಡುತ್ತಿದ್ದ ವಿಭಾಗಕ್ಕೆ ಒಂದು ಮಾತು ಕೇಳಿ: ‘ಇದಕ್ಕೆ ನೋಟಿಸ್ ಕೊಟ್ಟಿದ್ದಿರಾ?’ ಕೊಟ್ಟಿದ್ದರೆ ಆ ಅಗ್ರಿಮೆಂಟ್ ಜಿ ಕಾಲಂನ ದಿನಕ್ಕೇ ಮುಗಿಯುತ್ತದೆ. ನೋಟಿಸಿನ ಪ್ರತಿ ತರಿಸಿ ಅದೇ ಫೈಲಿಗೆ ಸೇರಿಸಿ.