ಕೊನೆಯ ಉಕಾರದ ಲೆಕ್ಕ: ಭಾಮಿನಿಯಲ್ಲಿ ನನ್ನ ಅನುಭವ

ನಮ್ಮ ಕೊರಟಗೆರೆ ಸೀಮೆಯ ಶಾಲಾಮಕ್ಕಳ ರೂಪಕಗಳಿಗೆ ನಾನು ಭಾಮಿನಿ ಷಟ್ಪದಿಯಲ್ಲಿ ಹಾಡು ಕಟ್ಟಿಕೊಡುತ್ತೇನೆ. ಭಾಮಿನಿಯ ಲೆಕ್ಕ ಕಷ್ಟದ್ದಲ್ಲ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ, ಮತ್ತೆ ಮೂರು, ಮತ್ತೆ ನಾಲ್ಕು, ಒಟ್ಟು 14. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ಏಳರ ಜೋಡಿ ಮೂರು ಸಲ ಬಂದು ಕೊನೆಗೆ ಒಂದು ಗುರು, ಒಟ್ಟು 23. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟನ್ನು ಹೈಸ್ಕೂಲಿನಲ್ಲೇ ಕಲಿತಿರುತ್ತೇವೆ. ಹಾಳೆಯ ಮೇಲೆ ಸರಿಯಿದ್ದ ಲೆಕ್ಕ ಬಾಯಿಗೆ ಬಂದಾಗ ತಪ್ಪುವುದು ಮಾತ್ರ ಹೆಚ್ಚಾಗಿ ಒಂದೇ ಕಡೆ, ಪದದ ಕೊನೆಯ ಉಕಾರದಲ್ಲಿ.

ಊರು, ಕಾಲು, ಕಣ್ಣು, ಮಗಳು ಇವೆಲ್ಲ ಹಳಗನ್ನಡದಲ್ಲಿ ಊರ್, ಕಾಲ್, ಕಣ್, ಮಗಳ್ ಎಂದು ವ್ಯಂಜನದಲ್ಲೇ ಮುಗಿಯುತ್ತಿದ್ದವು. ಆಮೇಲಿನ ಕನ್ನಡ ಅವುಗಳ ತುದಿಗೆ ಒಂದು ಉ ಹಚ್ಚಿತು. ಬಸ್ಸು, ಪೆನ್ನು, ಕಾರು, ರೋಡು ಎನ್ನುವಾಗ ಇವತ್ತಿಗೂ ನಾವು ಅದನ್ನೇ ಮಾಡುತ್ತೇವೆ. ಆದರೆ ಬರೆಯುವಾಗ ಹಚ್ಚುವ ಈ ಉಕಾರವನ್ನು ಮಾತಾಡುವಾಗ ನುಂಗುತ್ತೇವೆ. 'ಕಾಲ್ ನೋಯ್ತದೆ', 'ನೀರ್ ಕೊಡಿ', 'ಊರ್ ಕಡೆ ಹೊಂಟೆ' ಎನ್ನುವುದೇ ನಮ್ಮ ಬಾಯಿಗೆ ಸಲೀಸು.

ಎಲ್ಲ ಉಕಾರವೂ ಹೀಗೆ ಹಚ್ಚಿದ್ದಲ್ಲ. ಗುರು, ಮಗು, ಹಸು, ಕರು ಪದಗಳಲ್ಲಿ ಅದು ಪದದ್ದೇ ಸ್ವಂತ ಸ್ವರ, ಯಾರೂ ನುಂಗುವುದಿಲ್ಲ. ಎರಡನ್ನೂ ಬೇರ್ಪಡಿಸಲು ನಾನು ನಾಮಪದದ ಮುಂದೆ 'ಇನ' ಅಥವಾ 'ಇಂದ' ಹಚ್ಚಿ ನೋಡುತ್ತೇನೆ. ಮಗುವಿನ, ಹಸುವಿನ ಎಂದು ನಡುವೆ ವಕಾರ ಬಂದರೆ ಉಕಾರ ಗಟ್ಟಿ. ಊರಿನ, ಕಣ್ಣಿನ, ಮಗಳಿಂದ ಎಂದು ವಕಾರವಿಲ್ಲದೆ ಕೂಡಿಕೊಂಡರೆ ಅದು ಜಾರುವ ಉಕಾರ. ಹೂವು ಎಂಬಂಥ ಪದದಲ್ಲಿ ವಕಾರ ಮೊದಲೇ ಇರುವುದರಿಂದ ಅಲ್ಲಿ ಈ ಪರೀಕ್ಷೆ ನಡೆಯದು.

ಜಾರುವ ಉಕಾರ ಜಾರಿದಾಗ ಲೆಕ್ಕಕ್ಕೆ ಏನಾಗುತ್ತದೆ ಎಂಬುದನ್ನು ಒಂದು ಸಾಲಿನಲ್ಲೇ ತೋರಿಸುತ್ತೇನೆ. ತವರಿಗೆ ಬಂದ ಹೆಣ್ಣುಮಗಳ ಕಥೆಗೆ ನಾನು ಬರೆದ ಮೊದಲ ಸಾಲು ಇದು:

ಊರು ಕೇರಿಯ ಮಗಳು ಬಂದಳು

ಊರು ಮೂರು, ಕೇರಿಯ ನಾಲ್ಕು, ಮಗಳು ಮೂರು, ಬಂದಳು ನಾಲ್ಕು. ಹಾಳೆಯ ಮೇಲೆ ಎಳ್ಳಷ್ಟೂ ಕೊರತೆಯಿಲ್ಲ. ಇದನ್ನು ಏಳೆಣಿಕೆಯ ತಾಳಕ್ಕೆ ಕೂರಿಸಿ ಮಕ್ಕಳಿಂದ ಹಾಡಿಸಿದಾಗ ಅವರ ಬಾಯಲ್ಲಿ ಬಂದದ್ದು 'ಊರ್ಕೇರಿಯ ಮಗಳ್ಬಂದಳು'.

ಇಲ್ಲಿ ಬಿದ್ದ ಎರಡು ಉಕಾರಗಳ ಪರಿಣಾಮ ಒಂದೇ ಅಲ್ಲ. 'ಊರು' ಎಂಬುದು ಗುರುವಿನ ಮೇಲೊಂದು ಲಘು. ಉ ಬಿದ್ದರೆ ರಕಾರ ಹಿಂದಿನ ಊಕಾರಕ್ಕೆ ಅಂಟಿಕೊಳ್ಳುತ್ತದೆ. ಆದರೆ ಊಕಾರ ಮೊದಲೇ ಗುರು, ಅಂಟಿದ ವ್ಯಂಜನದಿಂದ ಅದಕ್ಕೆ ಹೊಸದಾಗಿ ಏನೂ ಸಿಗುವುದಿಲ್ಲ. ಹಾಗಾಗಿ ಒಂದು ಮಾತ್ರೆ ಪೂರ್ತಿ ನಷ್ಟ, ಮೂರಿದ್ದದ್ದು ಎರಡಾಯಿತು. ಕಾಲು, ನೀರು, ಕಣ್ಣು, ಬಸ್ಸು ಎಲ್ಲದರ ಕಥೆಯೂ ಇದೇ. 'ಮಗಳು' ಹಾಗಲ್ಲ, ಅದು ಮೂರು ಲಘು. ಉ ಬಿದ್ದಾಗ ಳಕಾರ ಹಿಂದಿನ ಗಕಾರಕ್ಕೆ ಅಂಟಿ, ಲಘುವಾಗಿದ್ದ ಅದನ್ನು ಗುರು ಮಾಡುತ್ತದೆ. ಮ ಒಂದು, ಗಳ್ ಎರಡು. ಅಕ್ಷರ ಮೂರರಿಂದ ಎರಡಕ್ಕಿಳಿದರೂ ಮಾತ್ರೆ ಮೂರೇ ಉಳಿಯಿತು. ಬಾಗಿಲು, ಗಂಟಲು, ಹಳ್ಳಿಗಳು ಎಂಬಲ್ಲೂ ಹೀಗೆಯೇ: ಬಾಗಿಲು ನಾಲ್ಕು, ಬಾಗಿಲ್ ಎಂದರೂ ನಾಲ್ಕು. ಆದ್ದರಿಂದ ಉಕಾರದ ಹಿಂದಿರುವ ಅಕ್ಷರ ಗುರುವೋ ಲಘುವೋ ಎಂಬುದನ್ನೇ ನಾನು ಮೊದಲು ನೋಡುವುದು.

ಮಾತ್ರೆ ಉಳಿಯಿತೆಂದು 'ಮಗಳ್' ಪಾಸಾಗುವುದಿಲ್ಲ. ಷಟ್ಪದಿಯಲ್ಲಿ ಗಣದ ಆದಿಯಲ್ಲಿ ಲಘುವಿನ ಮೇಲೆ ಗುರು ಬರಬಾರದು. ಮಗಳ್ ಎಂದಾಗ ಸರಿಯಾಗಿ ಅದೇ ಬರುತ್ತದೆ, ನಡೆ ಮುಗ್ಗರಿಸುತ್ತದೆ. 'ಬಂದಳು' ಎಂಬುದನ್ನು ಸಾಲಿನ ನಡುವೆ ಬಂದಳ್ ಎಂದು ನುಂಗಿದ್ದರೆ ಎರಡು ಗುರು ಆಗಿ, ಲೆಕ್ಕವೂ ನಡೆಯೂ ಎರಡೂ ಕೆಡುತ್ತಿರಲಿಲ್ಲ.

ಹಾಡುವವರು ಈ ಕೊರತೆಯನ್ನು ತಮಗೆ ಗೊತ್ತಿಲ್ಲದೆಯೇ ಮುಚ್ಚಿಬಿಡುತ್ತಾರೆ. 'ಊರ್' ಎಂಬಲ್ಲಿ ಕಳೆದ ಮಾತ್ರೆಯನ್ನು ಊಕಾರವನ್ನೇ ಎಳೆದು ತುಂಬುತ್ತಾರೆ. ರಾಗ ನಿಧಾನವಾಗಿದ್ದರೆ ಕೇಳುವವರಿಗೆ ಪತ್ತೆಯಾಗದು. ಅದಕ್ಕೇ ನಾನು ಮೊದಲು ರಾಗ ಬಿಡಿಸಿ, ಬರೀ ಚಪ್ಪಾಳೆಗೆ ವೇಗವಾಗಿ ಹೇಳಿಸುತ್ತೇನೆ. ಎಳೆಯಲು ಪುರುಸೊತ್ತಿಲ್ಲದಾಗ 'ಕೇರಿಯ' ತನ್ನ ಚಪ್ಪಾಳೆಗಿಂತ ಮೊದಲೇ ಬಂದುಬೀಳುತ್ತದೆ. ಒಬ್ಬ ಹುಡುಗ ಕೇಳಿದ: "ಮೇಷ್ಟ್ರೇ, ಊರ್ ಅಂದ್ರೂ ಊರು ಅಂದ್ರೂ ಒಂದೇ ಅಲ್ವಾ?" "ಅರ್ಥ ಒಂದೇ ಕಣಪ್ಪ, ತಾಳಕ್ಕೆ ಬೇರೆ," ಎಂದು ಅವನ ಕೈಯಲ್ಲೇ ಎರಡನ್ನೂ ತಟ್ಟಿಸಿದೆ. ಅವನಿಗೆ ತಕ್ಷಣ ಹೊಳೆಯಿತು.

ಮಕ್ಕಳ ಬಾಯನ್ನು ಪ್ರತಿ ಪದಕ್ಕೂ ತಿದ್ದುವುದಕ್ಕಿಂತ ಸಾಲನ್ನೇ ಬದಲಿಸುವುದು ನನಗೆ ಒಪ್ಪಿಗೆ. 'ಊರು ಕೇರಿಯ' ಹೋಗಿ 'ಊರ ಕೇರಿಯ' ಬಂತು. ಅಕಾರವೂ ಲಘುವೇ, ಮಾತ್ರೆ ಅಷ್ಟೇ. ಆದರೆ ಈ ಅಕಾರ ಷಷ್ಠಿಯ ಗುರುತು, ಅರ್ಥ ಹೊತ್ತಿದೆ, ನಾಲಿಗೆ ಅದನ್ನು ಬಿಡುವುದಿಲ್ಲ. 'ಮಗಳು' ಹೋಗಿ 'ಮಗಳೆ' ಬಂತು. ಅಲ್ಲಿಗೆ ಸಾಲು 'ಊರ ಕೇರಿಯ ಮಗಳೆ ಬಂದಳು' ಎಂದಾಯಿತು, ಯಾರು ಹಾಡಿದರೂ ನಿಲ್ಲುತ್ತದೆ.

ಮುಂದಿನ ಪದ ಸ್ವರದಿಂದ ಶುರುವಾದರೆ ಇಷ್ಟೆಲ್ಲ ಯೋಚಿಸುವ ಕೆಲಸವಿಲ್ಲ, ಲೋಪಸಂಧಿ ಉಕಾರವನ್ನು ತಾನೇ ತೆಗೆಯುತ್ತದೆ. ನೀರು ಎತ್ತಿ ಎಂದು ಬಿಡಿಸಿದರೆ ಆರು ಮಾತ್ರೆ, ನೀರೆತ್ತಿ ಎಂದು ಕೂಡಿಸಿದರೆ ಐದು. ಹಾಡುವಾಗ ಮಕ್ಕಳು ಕೂಡಿಸಿಯೇ ಹೇಳುವುದರಿಂದ ನಾನು ಕೂಡಿಸಿಯೇ ಬರೆದು ಎಣಿಸುತ್ತೇನೆ. ಸಮಾಸದಲ್ಲಿ ಭಾಷೆಯೇ ನಮಗೆ ಎರಡು ಅಳತೆ ಕೊಟ್ಟಿದೆ. ಕಾಲುದಾರಿ ಆರು ಮಾತ್ರೆ, ಕಾಲ್ದಾರಿ ಐದು. ಎರಡೂ ಚಾಲ್ತಿಯಲ್ಲಿವೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಇನ್ನು ಸಾಲಿನ ಕೊನೆ. ಅಲ್ಲಿ ಇದೇ ಉಕಾರಕ್ಕೆ ಬೆಲೆ ಏರುತ್ತದೆ. ಅದೇ ಪದ್ಯದ ಎರಡು ಮತ್ತು ಮೂರನೆಯ ಸಾಲುಗಳು, ಆದಿಪ್ರಾಸದ ರಕಾರ ಉಳಿಸಿಕೊಂಡು:

ನೀರು ತುಂಬಿದ ಕೊಡವ ಹಿಡಿದಳು
ಬೇರು ಬಿಟ್ಟಿಹ ಹಲಸಿನಡಿಯಲಿ ನಿಂತು ನೋಡಿದಳು

ಮೂರನೆಯ ಸಾಲಿನ ಗಣಗಳು ಬೇರು, ಬಿಟ್ಟಿಹ, ಹಲಸಿ, ನಡಿಯಲಿ, ನಿಂತು, ನೋಡಿದ, ಆಮೇಲೆ ಒಂಟಿಯಾಗಿ ಳು. ನಿಯಮದಂತೆ ಅಲ್ಲಿ ಗುರು ಬೇಕು, ಮೂರು ಮತ್ತು ಆರನೆಯ ಸಾಲುಗಳ ಪಾದಾಂತ್ಯದ ಲಘುವನ್ನು ಗುರುವೆಂದೇ ಎಣಿಸುತ್ತೇವೆ. ಹಾಗಾಗಿ ಈ ಒಂದು ಳುಕಾರಕ್ಕೆ ಎರಡು ಮಾತ್ರೆ. ಇಲ್ಲಿ ಯಾರಾದರೂ 'ನೋಡಿದಳ್' ಎಂದು ನುಂಗಿದರೆ ಕೊನೆಯ ಗುರುವೇ ಇಲ್ಲವಾಗಿ, ನೋಡಿದ ಎಂಬ ನಾಲ್ಕರ ಗಣ ಐದಾಗಿ, ಸಾಲು ತುದಿಯಿಲ್ಲದೆ ನಿಂತುಹೋಗುತ್ತದೆ. ಅದಕ್ಕೇ ಮೂರನೆಯ ಮತ್ತು ಆರನೆಯ ಸಾಲಿನ ಕೊನೆಯ ಅಕ್ಷರದ ಕೆಳಗೆ ಮಕ್ಕಳ ಪ್ರತಿಯಲ್ಲಿ ಕೆಂಪು ಗೆರೆ ಎಳೆದುಕೊಡುತ್ತೇನೆ. ಎರಡನೆಯ ಸಾಲಿನ 'ನೀರು ತುಂಬಿದ' ಮಾತ್ರ ಬದಲಿಸದೆ ಹಾಗೇ ಉಳಿಸಿದೆ. ರು ಕೇಳಿಸುವಂತೆ ಹೇಳುವುದನ್ನು ಅವರು ಅದೊಂದರಲ್ಲಾದರೂ ಕಲಿಯಲಿ ಎಂದು.