ಹಬ್ಬದ ಬಫೆ ಮೆನು: ಒಂದೊಂದು ಅಡುಗೆಗೂ ಬಾಯಿ ರುಚಿಸುವ ಸಾಲು ಬರೆಯುವುದು ಹೇಗೆ?

ಹಬ್ಬದ ಮಧ್ಯಾಹ್ನದೂಟದ ಬಫೆಯಲ್ಲಿ ಪಾತ್ರೆಗಳ ಮುಂದಿಟ್ಟ ಚೀಟಿಗಳನ್ನು ಒಮ್ಮೆ ಓದಿ ನೋಡಿ. ‘ರುಚಿಕರ’, ‘ವಿಶೇಷ’, ‘ಅಸಲಿ’, ‘ಬಾಯಲ್ಲಿ ನೀರೂರಿಸುವ’. ಇಷ್ಟೆಲ್ಲ ಓದಿದ ಮೇಲೂ ಜನ ಮುಚ್ಚಳ ಎತ್ತಿ ಇಣುಕುತ್ತಾರೆ, ಪಕ್ಕದವರನ್ನು ‘ಇದರಲ್ಲಿ ಏನಿದೆ?’ ಅಂತ ಕೇಳುತ್ತಾರೆ. ಅಡುಗೆ ಚೆನ್ನಾಗಿಯೇ ಇರುತ್ತದೆ, ಚೀಟಿ ಮಾತ್ರ ಏನನ್ನೂ ಹೇಳುವುದಿಲ್ಲ.

ಬಫೆಯಲ್ಲಿ ಓದುವವರು ಕುರ್ಚಿಯಲ್ಲಿ ಕೂತಿರುವುದಿಲ್ಲ. ಕೈಯಲ್ಲಿ ತಟ್ಟೆ, ಹಿಂದೆ ಸಾಲು. ಒಂದು ಚೀಟಿಗೆ ಸಿಗುವುದು ಎರಡು ಮೂರು ಸೆಕೆಂಡು. ಹಾಗಾಗಿ ಅಡುಗೆಯ ಹೆಸರು ಬಿಟ್ಟು ಹತ್ತರಿಂದ ಹದಿನೈದು ಪದ ಸಾಕು. ಆ ಪದಗಳೆಲ್ಲ ಕೆಲಸ ಮಾಡಬೇಕು.

1. ಮೊದಲು ಅಡುಗೆಮನೆಗೆ ಹೋಗಿ

ಮೇಜಿನ ಮುಂದೆ ಕೂತು ಬರೆಯಲು ಹೊರಟರೆ ಬರುವುದೇ ‘ರುಚಿಕರ’. ಅಡುಗೆಯವರ ಹತ್ತಿರ ಹೋಗಿ ಮೂರು ಪ್ರಶ್ನೆ ಕೇಳಿ: ಮುಖ್ಯವಾಗಿ ಏನು ಹಾಕಿದ್ದೀರಿ, ಅದನ್ನು ಹೇಗೆ ಬೇಯಿಸಿದಿರಿ, ಕೊನೆಗೆ ಮೇಲೆ ಏನು ಹಾಕುತ್ತೀರಿ? ಸಾಧ್ಯವಾದರೆ ಒಂದು ಚಮಚ ತಿಂದು ನೋಡಿ. ಬೇರೆ ಹೋಟೆಲಿನ ಮೆನುವಿನಿಂದ ಸಾಲು ಎತ್ತಿ ಹಾಕುವುದನ್ನು ತುಂಬ ಜನ ಮಾಡುತ್ತಾರೆ. ಬೇಡ. ಅವರ ಸೂಪಿನಲ್ಲಿ ಕೆನೆ ಇರುತ್ತದೆ, ನಿಮ್ಮದರಲ್ಲಿ ಗೋಡಂಬಿ ಇರುತ್ತದೆ, ಯಾರಿಗೋ ಅಲರ್ಜಿ ಆಗುತ್ತದೆ.

2. ಆ ಒಂದು ಸಾಲು

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ಒಂದು ಉದಾಹರಣೆಯನ್ನೇ ಹಿಡಿದು ನಿಧಾನವಾಗಿ ನೋಡೋಣ. ಸಿಹಿಗುಂಬಳದ ಸೂಪ್ ಅಂತ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

*ನಮ್ಮ ಬಾಣಸಿಗರ ಕೈಚಳಕದಲ್ಲಿ ಅರಳಿದ, ಬಾಯಲ್ಲಿ ನೀರೂರಿಸುವ ವಿಶೇಷ ಹಬ್ಬದ ಸೂಪ್.*

ಈಗ ಇದರಲ್ಲಿ ‘ಸೂಪ್’ ತೆಗೆದು ‘ಕೇಕ್’ ಅಂತ ಹಾಕಿ. ಸಾಲು ಹಾಗೇ ಸರಿಹೋಗುತ್ತದೆ, ಅಲ್ವಾ? ಯಾವ ಅಡುಗೆಗೆ ಅಂಟಿಸಿದರೂ ಅಂಟುವ ಪದ ಯಾವ ಅಡುಗೆಗೂ ಸೇರಿದ್ದಲ್ಲ, ಅದನ್ನು ಹೊಡೆದು ಹಾಕಿ. ಇನ್ನೊಂದು ಪರೀಕ್ಷೆಯೂ ಇದೆ. ಅದರ ವಿರುದ್ಧ ಪದವನ್ನು ಯಾರಾದರೂ ಚೀಟಿಯಲ್ಲಿ ಬರೆಯುತ್ತಾರಾ? ‘ರುಚಿಯಿಲ್ಲದ ಸೂಪ್’ ಅಂತ ಯಾರೂ ಬರೆಯುವುದಿಲ್ಲ, ಹಾಗಾಗಿ ‘ರುಚಿಕರ’ದಿಂದ ಓದುವವರಿಗೆ ಹೊಸದೇನೂ ತಿಳಿಯುವುದಿಲ್ಲ. ಆದರೆ ‘ಗಟ್ಟಿ’ ಅಂದರೆ ತಿಳಿಯುತ್ತದೆ, ಯಾಕೆಂದರೆ ಸೂಪ್ ತೆಳ್ಳಗೂ ಇರಬಹುದು. ‘ಖಾರ ಕಡಿಮೆ’ ಅಂದರೂ ತಿಳಿಯುತ್ತದೆ.

ಅಡುಗೆಯವರು ಏನು ಹೇಳಿದರು? ಕುಂಬಳಕಾಯಿ ಹೋಳುಗಳನ್ನು ಅಂಚು ಕಂದುವ ತನಕ ಓವನ್‌ನಲ್ಲಿ ಸುಡುತ್ತೇವೆ, ಬೆಳ್ಳುಳ್ಳಿಯನ್ನೂ ಜೊತೆಗೇ ಇಡುತ್ತೇವೆ, ಕೆನೆ ಹಾಕುವುದಿಲ್ಲ, ಗೋಡಂಬಿ ರುಬ್ಬಿ ಹಾಕುತ್ತೇವೆ, ಬಡಿಸುವ ಮುಂಚೆ ಕಾಳುಮೆಣಸಿನ ಪುಡಿ. ಸಾಮಗ್ರಿ ಎಲ್ಲ ಸಿಕ್ಕಿತು. ಸಾಲು ಹೀಗಾಗುತ್ತದೆ:

*ಅಂಚು ಕಂದುವಂತೆ ಸುಟ್ಟ ಸಿಹಿಗುಂಬಳ, ಬೆಳ್ಳುಳ್ಳಿ. ಗೋಡಂಬಿಯೊಂದಿಗೆ ರುಬ್ಬಿದ ಗಟ್ಟಿ ಸೂಪ್, ಮೇಲೆ ಕಾಳುಮೆಣಸು.*

ಹೊಗಳಿಕೆಯ ಒಂದು ಪದವೂ ಇಲ್ಲ, ಆದರೂ ತಿನ್ನಬೇಕು ಅನಿಸುತ್ತದೆ. ಆಸೆ ಹುಟ್ಟಿಸುವುದು ಕ್ರಿಯಾಪದ. ಸುಟ್ಟ, ಹುರಿದ, ರುಬ್ಬಿದ, ಸಣ್ಣ ಉರಿಯಲ್ಲಿ ಕುದಿಸಿದ, ಒಗ್ಗರಿಸಿದ. ಇವನ್ನು ಓದಿದಾಗ ಮೂಗಿಗೆ ವಾಸನೆ ಬರುತ್ತದೆ, ‘ಅದ್ಭುತ’ ಓದಿದಾಗ ಬರುವುದಿಲ್ಲ. ಪದಾರ್ಥಗಳ ಪಟ್ಟಿಯನ್ನೇ ಇಡೀ ಸುರಿಯುವುದೂ ತಪ್ಪು. ಉಪ್ಪು, ಎಣ್ಣೆ, ಈರುಳ್ಳಿ ಎಲ್ಲದರಲ್ಲೂ ಇರುತ್ತವೆ, ಅವು ಬೇಡ. ಬಾಯಿಗೆ ಗೊತ್ತಾಗುವ ಮೂರು ನಾಲ್ಕನ್ನು ಮಾತ್ರ ಹೇಳಿ. ಮೊದಲ ಪದ ಮುಖ್ಯ ಪದಾರ್ಥದ್ದೋ ಬೇಯಿಸಿದ ರೀತಿಯದ್ದೋ ಆಗಿರಲಿ, ಯಾಕೆಂದರೆ ಅವಸರದಲ್ಲಿರುವವರು ಕೊನೆಯ ತನಕ ಓದುವುದಿಲ್ಲ.

‘ಹಬ್ಬದ’ ಅನ್ನುವ ಪದದ ಬಗ್ಗೆಯೂ ಒಂದು ಮಾತು. ಮೆನುವಿನ ತಲೆಯ ಮೇಲೆ ಒಮ್ಮೆ ಬರೆದರೆ ಸಾಕು. ಹಬ್ಬದ ಸೂಪ್, ಹಬ್ಬದ ಸಲಾಡ್, ಹಬ್ಬದ ಅನ್ನ ಅಂತ ಎಲ್ಲದಕ್ಕೂ ಹಚ್ಚಿದರೆ ಓದುವವರು ಅದನ್ನು ದಾಟಿಕೊಂಡು ಹೋಗುತ್ತಾರೆ. ಹಬ್ಬಕ್ಕೆಂದೇ ಬೇರೆಯಾಗಿ ಏನು ಮಾಡಿದ್ದೀರಿ, ಅದನ್ನು ಹೇಳಿ: ‘ಹಿಂದಿನ ರಾತ್ರಿಯೇ ಜೇನಿನಲ್ಲಿ ನೆನೆಸಿಟ್ಟ ಒಣಹಣ್ಣುಗಳ ಕೇಕ್’. ಹಿಂದಿನ ರಾತ್ರಿ ನಿಜವಾಗಿ ನೆನೆಸಿದ್ದರೆ ಮಾತ್ರ.

3. ಎರಡು ಗಂಟೆಗೂ ಸಾಲು ನಿಜವಾಗಿರಲಿ

ಮೇಜಿಗೆ ತಂದು ಕೊಡುವ ಊಟಕ್ಕೂ ಬಫೆಗೂ ಇರುವ ವ್ಯತ್ಯಾಸ ಇದು. ಮೆನು ಬರೆಯುವವರು ಇದನ್ನು ಮರೆತೇಬಿಡುತ್ತಾರೆ. ಬಫೆಯ ಬಿಸಿ ಅಡುಗೆಯನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡಬೇಕು, ಇಲ್ಲದಿದ್ದರೆ ಕೆಡುವ ಭಯ. ಅದಕ್ಕೇ ಕೆಳಗೆ ಬಿಸಿನೀರು, ಮೇಲೆ ಮುಚ್ಚಳ. ಮುಚ್ಚಳದೊಳಗೆ ಹಬೆ ಸೇರುತ್ತದೆ, ಹಬೆ ಸೇರಿದರೆ ಕರಿದದ್ದು ಮೆತ್ತಗಾಗುತ್ತದೆ. ಹನ್ನೆರಡೂವರೆಗೆ ‘ಗರಿಗರಿ ಆಲೂಗಡ್ಡೆ’ ನಿಜ, ಒಂದೂವರೆಗೆ ಸುಳ್ಳು. ತಟ್ಟೆಗೆ ಹಾಕಿಕೊಂಡವರಿಗೆ ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ, ಆಮೇಲೆ ಉಳಿದ ಚೀಟಿಗಳನ್ನೂ ಅವರು ನಂಬುವುದಿಲ್ಲ.

‘ಗರಿಗರಿ’, ‘ಬಿಸಿಬಿಸಿ’, ‘ಈಗಷ್ಟೇ ಕರಿದ’ ಇವನ್ನೆಲ್ಲ ಕಣ್ಣೆದುರೇ ಮಾಡಿಕೊಡುವ ಕೌಂಟರ್‌ಗೆ ಮೀಸಲಿಡಿ. ಪಾತ್ರೆಯಲ್ಲಿ ಕೂರುವ ಆಲೂಗಡ್ಡೆಗೆ ಹೊತ್ತಾದರೂ ಬದಲಾಗದ ಗುಣವನ್ನು ಹುಡುಕಿ: ‘ಸಿಪ್ಪೆ ಸಮೇತ ಹುರಿದ ಪುಟ್ಟ ಆಲೂಗಡ್ಡೆ, ಬೆಣ್ಣೆ, ಹುರಿದ ಎಳ್ಳು, ನಿಂಬೆರಸ’. ಎಳ್ಳಿನ ಘಮ ಮೆತ್ತಗಾದ ಮೇಲೂ ಇರುತ್ತದೆ. ಅನುಮಾನ ಬಂದರೆ ಒಂದು ಸುಲಭ ದಾರಿ ಇದೆ. ಒಂದು ಪಾತ್ರೆ ತಯಾರಿಸಿ ಮುಚ್ಚಿಟ್ಟು, ಒಂದೂವರೆ ಗಂಟೆ ಬಿಟ್ಟು ಚೀಟಿ ಕೈಯಲ್ಲಿ ಹಿಡಿದು ತಿನ್ನಿ. ಬಾಯಿಗೆ ಸಿಗದ ಪದವನ್ನು ಅಳಿಸಿ.

4. ಎಲ್ಲವನ್ನೂ ಸಾಲಾಗಿಟ್ಟು ಜೋರಾಗಿ ಓದಿ

ಒಂದೊಂದೇ ಚೆನ್ನಾಗಿದ್ದರೂ ಇಪ್ಪತ್ತು ಒಟ್ಟಿಗೆ ಬಂದಾಗ ಬೇಸರ ಬರಬಹುದು. ‘ಹುರಿದ’ ಐದು ಸಲ ಬಂತೇ? ಎರಡನ್ನು ಬದಲಿಸಿ. ಬರೀ ಅನ್ನ, ಮೊಸರು, ಹಣ್ಣಿನ ಹೋಳುಗಳಿಗೆ ವಿವರಣೆಯೇ ಬೇಡ, ಹೆಸರು ಸಾಕು. ಸುಮ್ನೆ ಎಲ್ಲದಕ್ಕೂ ಬರೆದರೆ ನೀವು ನಿಜವಾಗಿ ಶ್ರಮಪಟ್ಟ ಅಡುಗೆ ಗುಂಪಿನಲ್ಲಿ ಕಳೆದುಹೋಗುತ್ತದೆ.

5. ಚೀಟಿ

ಹೆಸರು ದಪ್ಪಗೆ, ವಿವರಣೆ ಅದರ ಕೆಳಗೆ, ಸಸ್ಯಾಹಾರವೋ ಮಾಂಸಾಹಾರವೋ ಅನ್ನುವುದು ಮೂಲೆಯಲ್ಲಿ. ಹಾಲು, ಗೋಧಿ, ಮೊಟ್ಟೆ, ಕಡಲೆಕಾಯಿ, ಗೋಡಂಬಿ, ಎಳ್ಳು ಇಂಥವು ಇದ್ದರೆ ಬೇರೆ ಸಾಲಿನಲ್ಲಿ ಮತ್ತೆ ಹೇಳಿ. ಸೊಗಸಾದ ವಿವರಣೆಯೊಳಗೆ ಗೋಡಂಬಿ ಬಂದಿದೆ ಅಂತ ಬಿಟ್ಟುಬಿಡಬೇಡಿ, ಅಲರ್ಜಿ ಇರುವವರು ಹುಡುಕುವುದು ಆ ಕೊನೆಯ ಸಾಲನ್ನೇ. ಹೊಳೆಯುವ ಪ್ಲಾಸ್ಟಿಕ್ ಹೊದಿಸಿದ ಚೀಟಿಗಳನ್ನು ನಾನಂತೂ ಬೇಡ ಅನ್ನುತ್ತೇನೆ. ಮೇಲಿನ ದೀಪ ಅದರಲ್ಲೇ ಮಿನುಗಿ ಅಕ್ಷರ ಕಾಣುವುದಿಲ್ಲ. ಬಳ್ಳಿಯಂತೆ ಸುತ್ತುವ ಅಲಂಕಾರದ ಅಕ್ಷರಗಳೂ ಬೇಡ. ಕನ್ನಡದಲ್ಲಿ ಸಾಲುಗಳ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ಬೆಳಿಗ್ಗೆ ಚೀಟಿ ಇಡುವ ಮುಂಚೆ ಅಡುಗೆಯವರಿಗೆ ಒಮ್ಮೆ ಓದಿ ಹೇಳಿ. ಹಬ್ಬದ ದಿನ ಗೋಡಂಬಿ ಮುಗಿದು ಕೆನೆ ಹಾಕಿರುತ್ತಾರೆ, ಎಳ್ಳು ಬರದೆ ಕಡಲೆಕಾಯಿ ಹಾಕಿರುತ್ತಾರೆ, ಅದನ್ನು ಯಾರೂ ತಾವಾಗಿ ಬಂದು ಹೇಳುವುದಿಲ್ಲ. ನಾಲ್ಕೈದು ಖಾಲಿ ಚೀಟಿ, ಒಂದು ಕಪ್ಪು ಪೆನ್ನು ಕೌಂಟರ್ ಹಿಂದೆ ಇಟ್ಟಿರಿ. ಕೈಯಲ್ಲಿ ಬರೆದದ್ದು ಪಕ್ಕದ ಅಚ್ಚಿನ ಚೀಟಿಗಳ ಜೊತೆ ಹೊಂದದಿದ್ದರೂ ಪರವಾಗಿಲ್ಲ, ಹಳೆಯದನ್ನು ತೆಗೆದು ಅದನ್ನೇ ಇಡಿ.