ಒಂದು ಫೋಟೊ ತಿದ್ದಿ ಆರುನೂರಕ್ಕೆ ಅಂಟಿಸಿದ್ದು: ನನ್ನ ಅನುಭವ

ಶಾಲೆಯ ಗುರುತಿನ ಚೀಟಿಯ ಗುತ್ತಿಗೆಯಲ್ಲಿ ದುಡ್ಡು ಉಳಿಯುವುದೂ ಕರಗುವುದೂ ಎಡಿಟಿಂಗ್‌ನಲ್ಲಿ. ನಮ್ಮ ಮಲೆನಾಡಿನ ಕಡೆ ನನಗೆ ಸಿಗುವುದು ಮಗುವೊಂದಕ್ಕೆ ಮೂವತ್ತು, ಮೂವತ್ತೈದು ರೂಪಾಯಿ. ಅದರಲ್ಲಿ ಏಳೆಂಟು ರೂಪಾಯಿಯನ್ನು ಎಡಿಟಿಂಗ್‌ಗೆಂದು ಹೊರಗೆ ಕೊಟ್ಟರೆ, ಪ್ರಿಂಟು, ಸಹಾಯಕನ ಕೂಲಿ, ಪೆಟ್ರೋಲು ಕಳೆದು ಕೈಗೆ ಏನೂ ದಕ್ಕುವುದಿಲ್ಲ. ಲೈಟ್‌ರೂಮ್ ಕ್ಲಾಸಿಕ್ ತಂತ್ರಾಂಶದಲ್ಲಿ ಒಂದು ಫೋಟೊ ತಿದ್ದಿ ಉಳಿದ ಆರುನೂರು ಚಿಲ್ಲರೆ ಫೋಟೊಗಳಿಗೆ ಆ ತಿದ್ದುಪಡಿಯನ್ನೇ ಅಂಟಿಸುತ್ತೇನೆ ಎಂದಾಗ ಲ್ಯಾಬಿನವರು, "ಸಾರ್, ಎಲ್ಲ ಮಕ್ಕಳ ಬಣ್ಣ ಒಂದೇ ಇರುತ್ತದೆಯೇ? ಅರ್ಧಕ್ಕರ್ಧ ವಾಪಸು ಬರುತ್ತವೆ" ಎಂದು ನಕ್ಕಿದ್ದರು. ಈ ಸಲ ವಾಪಸು ಬಂದವು ಹತ್ತೋ ಹನ್ನೆರಡೋ. ಅವುಗಳಲ್ಲೂ ಹೆಚ್ಚಿನವು ಕಣ್ಣು ಮುಚ್ಚಿದವು.

ಸಭಾಂಗಣದ ಕಿಟಕಿಗಳಿಗೆಲ್ಲ ಪರದೆ ಎಳೆಸಿದ್ದೆ. ಎರಡು ಸಾಫ್ಟ್‌ಬಾಕ್ಸ್ ಫ್ಲ್ಯಾಷ್, ಎರಡೂ ಮ್ಯಾನುಯಲ್‌ನಲ್ಲಿ. ಕ್ಯಾಮೆರಾ 1/160, f/8, ISO 100. ಸ್ಟೂಲಿನ ಕಾಲುಗಳ ಜಾಗಕ್ಕೆ ನೆಲದ ಮೇಲೆ ಟೇಪು. ಪ್ರತಿ ತರಗತಿಯ ಮೊದಲ ಮಗುವಿನ ಕೈಗೆ ಬೂದು ಕಾರ್ಡು ಕೊಟ್ಟು ಒಂದು ಫೋಟೊ. ನಾನು ತಿದ್ದುವುದು ಆ ಕಾರ್ಡನ್ನು, ಮುಖವನ್ನಲ್ಲ. ಮುಖವನ್ನು ನೋಡಿ ತಿದ್ದಿದರೆ ಆ ಮಗುವಿನ ಮೈಬಣ್ಣ ಇಡೀ ತರಗತಿಗೆ ಅಂಟಿಕೊಳ್ಳುತ್ತದೆ.

ಹಿಂದಿನ ವರ್ಷಗಳಲ್ಲಿ ನನ್ನನ್ನು ಗೋಳಾಡಿಸಿದ್ದು ವೈಟ್ ಬ್ಯಾಲೆನ್ಸ್. Ctrl+Shift+C ಒತ್ತಿ, ವೈಟ್ ಬ್ಯಾಲೆನ್ಸ್‌ಗೂ ಟಿಕ್ ಹಾಕಿ ಅಂಟಿಸಿದರೂ ಒಂದು ಮುಖ ಹಳದಿ, ಮತ್ತೊಂದು ನೀಲಿ. ಮೂಲ ಫೋಟೊದಲ್ಲಿ As Shot ಎಂದೇ ಇದ್ದರೆ ಅಂಟುವುದೂ As Shot ಎಂಬ ಆಜ್ಞೆಯೇ ಹೊರತು ಅಲ್ಲಿ ಕಾಣುವ ಅಂಕಿಯಲ್ಲ. ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದುದರಿಂದ ಕ್ಯಾಮೆರಾ, ಮಕ್ಕಳ ಮರೂನ್ ಸ್ವೆಟರ್ ಎಷ್ಟು ಕಂಡಿತು ಎಂಬುದರ ಮೇಲೆ ಒಂದೊಂದಕ್ಕೆ ಒಂದೊಂದು ಅಂಕಿ ಬರೆದಿಟ್ಟಿರುತ್ತದೆ. ಕಾರ್ಡಿನ ಮೇಲೆ ಡ್ರಾಪರ್ ಒತ್ತಿದರೆ ಅದು Custom ಆಗುತ್ತದೆ. ಆಮೇಲೆ ಅಂಟಿಸಿದರೆ ಅಂಕಿಯೇ ಹೋಗುತ್ತದೆ. ಕ್ರಾಪ್ ಮತ್ತು ಹೀಲಿಂಗ್‌ನ ಟಿಕ್ ತೆಗೆದಿರಲೇಬೇಕು. ಇಲ್ಲದಿದ್ದರೆ ಒಬ್ಬನ ಮೊಡವೆ ಅಳಿಸಿದ ಗುರುತು ಇನ್ನೊಬ್ಬಳ ಹುಬ್ಬಿನ ಮೇಲೆ ಕೂರುತ್ತದೆ.

ಅಂಟಿಸಿದ ಮೇಲೂ ಕೆಲವು ಮುಖಗಳು ಮಂಕಾಗಿರುತ್ತವೆ. ಆಗ ನಾನು ಮೊದಲು ನೋಡುವುದು ಹಿಂದಿನ ಬೂದು ಪರದೆಯನ್ನು. ಮುಖದ ಜೊತೆ ಪರದೆಯೂ ಕಪ್ಪಾಗಿದ್ದರೆ ಫ್ಲ್ಯಾಷ್ ಪೂರ್ತಿ ಚಾರ್ಜ್ ಆಗುವ ಮೊದಲೇ ಬಟನ್ ಒತ್ತಿದ್ದೇನೆ ಎಂದರ್ಥ. ಪರದೆ ಸರಿಯಿದ್ದು ಮುಖ ಮಾತ್ರ ಮಂಕಾಗಿದ್ದರೆ ಮಗು ಹಿಂದಕ್ಕೆ ಸರಿದಿದೆ, ಇಲ್ಲವೇ ತಲೆ ತಗ್ಗಿಸಿದೆ. ಎರಡಕ್ಕೂ ಮದ್ದು ಬೇರೆ. ಪರದೆಯೂ ಮುಖವೂ ಸರಿಯಿದ್ದು ಮೈಬಣ್ಣ ಕಪ್ಪಾಗಿದ್ದರೆ ಅದು ದೋಷವಲ್ಲ. ಅದನ್ನು ಬೆಳ್ಳಗೆ ಮಾಡಿದರೆ ಮುಖ ಬೂದಿ ಬಳಿದಂತೆ ಕಾಣುತ್ತದೆ; ತಾಯಂದಿರೂ ಒಪ್ಪುವುದಿಲ್ಲ.

ಮೊದಲ ಬಗೆಯವನ್ನೆಲ್ಲ ಲೈಬ್ರರಿಯ ಗ್ರಿಡ್‌ನಲ್ಲಿ ಒಟ್ಟಿಗೆ ಆರಿಸಿ, Quick Develop ಪಟ್ಟಿಯಲ್ಲಿ ಎಕ್ಸ್‌ಪೋಶರ್‌ನ ಒಂಟಿ ಬಾಣ ಒತ್ತುತ್ತೇನೆ. ಪ್ರತಿಯೊಂದಕ್ಕೂ ಅದರದೇ ಅಂಕಿಯ ಮೇಲೆ ಮೂರನೇ ಒಂದು ಸ್ಟಾಪ್ ಕೂಡುತ್ತದೆ. ಸಿಂಕ್ ಮಾಡಿದರೆ ಹೀಗಾಗುವುದಿಲ್ಲ, ಎಲ್ಲದಕ್ಕೂ ಒಂದೇ ಅಂಕಿ ಬಿದ್ದುಬಿಡುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು!

ಎರಡನೇ ಬಗೆಯವಕ್ಕೆ ಮುಖದ ಸುತ್ತ ಅಂಡಾಕಾರದ ರೇಡಿಯಲ್ ಮಾಸ್ಕ್, ಅಂಚು ಚೆನ್ನಾಗಿ ಮೃದು, ಎಕ್ಸ್‌ಪೋಶರ್ ಕಾಲು ಸ್ಟಾಪ್. ಸ್ಟೂಲೂ ಟ್ರೈಪಾಡೂ ಕದಲದ ಕಾರಣ ಅಂಟಿಸಿದ ಮಾಸ್ಕ್ ಹೆಚ್ಚುಕಡಿಮೆ ಮುಖದ ಮೇಲೆಯೇ ಬರುತ್ತದೆ. ಪಿನ್ ಹಿಡಿದು ಸ್ವಲ್ಪ ಎಳೆದರೆ ಸಾಕು. ತರಗತಿ ಬದಲಾದರೆ ಎತ್ತರ ಬದಲಾಗುತ್ತದೆ, ಹಾಗಾಗಿ ಅಂಟಿಸುವುದನ್ನು ಆಯಾ ತರಗತಿಯ ಫೋಟೊಗಳೊಳಗೇ ಮುಗಿಸುತ್ತೇನೆ. ಸ್ವೆಟರಿನ ಕೆಂಪು ಗಲ್ಲದಡಿ ಹಾಯುವುದಕ್ಕೆ ಇನ್ನೊಂದು ಚಿಕ್ಕ ಮಾಸ್ಕ್, ಸ್ಯಾಚುರೇಶನ್ ಸ್ವಲ್ಪ ಕಡಿಮೆ. ಅದರ ಜೊತೆಗೆ ಕಿತ್ತಳೆ ಬಣ್ಣದ ಸ್ಲೈಡರಿನಲ್ಲಿ ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಊರಿನಲ್ಲಿ ಸ್ಪರ್ಧೆ ಜೋರಾಗಿದೆ.

ಹೀಗೆ ಆರುನೂರರಲ್ಲಿ ಕೈ ಹಾಕಬೇಕಾದದ್ದು ಸುಮಾರು ತೊಂಬತ್ತಕ್ಕೆ. ಹೊರಗೆ ಕೊಡುತ್ತಿದ್ದ ನಾಲ್ಕೂವರೆ ಸಾವಿರದಷ್ಟು ಹಣ ಮನೆಯಲ್ಲೇ ಉಳಿಯಿತು. ಕನ್ನಡಕದ ಗಾಜಿನಲ್ಲಿ ಸಾಫ್ಟ್‌ಬಾಕ್ಸ್ ಕಂಡ ಫೋಟೊಗಳಿಗೆ ಮಾತ್ರ ಈ ವಿಧಾನದಲ್ಲಿ ಮದ್ದಿಲ್ಲ. ಮಗುವನ್ನು ಮತ್ತೆ ಕೂರಿಸಿ, ಗಲ್ಲ ಸ್ವಲ್ಪ ತಗ್ಗಿಸಿ ತೆಗೆಯುವುದೇ ವಾಸಿ.

ನಡುವೆ Match Total Exposures ಕೂಡ ಪ್ರಯೋಗಿಸಿ ನೋಡಿದೆ. ಅದು ಶಟರ್, ಅಪರ್ಚರ್, ಐಎಸ್ಒ ಓದಿ ಲೆಕ್ಕ ಹಾಕುತ್ತದೆ. ಅರ್ಧದಲ್ಲಿ ಶಟರನ್ನು 1/125ಕ್ಕೆ ಇಳಿಸಿದ್ದ ಒಂದು ತರಗತಿಯ ಫೋಟೊಗಳನ್ನು ಅದು ಸುಮ್ಮನೆ ಕಪ್ಪಾಗಿಸಿತು. ಮುಖಕ್ಕೆ ಬಿದ್ದ ಬೆಳಕೆಲ್ಲ ಫ್ಲ್ಯಾಷಿನದು. ಶಟರ್ ಇಳಿದರೆ ಅದೇನೂ ಹೆಚ್ಚುವುದಿಲ್ಲ, ಆದರೆ ತಂತ್ರಾಂಶಕ್ಕೆ ಅದು ಗೊತ್ತಿಲ್ಲ. ಅದೇ ದಿನ ಜಗಲಿಯ ಹಗಲು ಬೆಳಕಿನಲ್ಲಿ, ಶಟರನ್ನು ಹಿಂದೆಮುಂದೆ ಮಾಡುತ್ತ ತೆಗೆದಿದ್ದ ಶಿಕ್ಷಕರ ಫೋಟೊಗಳಿಗೆ ಅದನ್ನೇ ಒತ್ತಿದೆ. ಒಂದೇ ಸಲಕ್ಕೆ ಎಲ್ಲವೂ ಸಮವಾದವು.